ಸರಾಸರಿ ಒಂದೇ, ಆಟ ಬೇರೆ: ಎರಡು 4060 ಟಿಐ ಕಾರ್ಡ್‌ಗಳ ಪ್ರಕರಣ

ಎನ್‌ವಿಡಿಯಾ ಕಂಪನಿ 2023ರ ಮೇ 24ರಂದು ಆರ್‌ಟಿಎಕ್ಸ್ 4060 ಟಿಐ ಗ್ರಾಫಿಕ್ಸ್ ಕಾರ್ಡನ್ನು 8 ಜಿಬಿ ಮೆಮೊರಿಯೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 399 ಡಾಲರ್. ಎರಡು ತಿಂಗಳು ತುಂಬುವ ಮೊದಲೇ, ಜುಲೈ 18ಕ್ಕೆ, ಅದೇ ಹೆಸರಿನ 16 ಜಿಬಿ ಕಾರ್ಡ್ ಬಂತು. ಬೆಲೆ 499 ಡಾಲರ್. ಎರಡರಲ್ಲೂ ಚಿಪ್ ಒಂದೇ. ಕುಡಾ ಕೋರ್‌ಗಳು ಎರಡರಲ್ಲೂ 4352. ಮೆಮೊರಿ ಬಸ್ ಎರಡರಲ್ಲೂ 128 ಬಿಟ್, ಮೆಮೊರಿಯ ವೇಗ ಎರಡರಲ್ಲೂ ಸೆಕೆಂಡಿಗೆ 288 ಜಿಬಿ. ಆಟದ ಮೇಲೆ ಪರಿಣಾಮ ಬೀರುವಂಥ ವ್ಯತ್ಯಾಸ ಒಂದೇ ಒಂದು, ಮೆಮೊರಿ ಎಷ್ಟು ಅನ್ನೋದು.

ಆಟ ಓಡಿಸಿ ಕಾರ್ಡಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಸಾಮಾನ್ಯವಾಗಿ ಎರಡು ಕಾರ್ಡ್‌ಗಳನ್ನು ಹೋಲಿಸುವಾಗ ಚಿಪ್ ಬೇರೆ, ಡ್ರೈವರ್ ಬೇರೆ, ಮೆಮೊರಿ ಬೇರೆ, ಎಲ್ಲವೂ ಬೇರೆ ಇರುತ್ತದೆ. ಅಂಕಿ ಏಕೆ ಬದಲಾಯಿತು ಎಂದು ಬೊಟ್ಟು ಮಾಡಿ ಹೇಳಲು ಆಗುವುದಿಲ್ಲ. ಇಲ್ಲಿ ಹಾಗಲ್ಲ. ಈ ಎರಡು ಕಾರ್ಡ್‌ಗಳ ನಡುವೆ ಅಂತರ ಕಂಡರೆ ಅದಕ್ಕೆ ಕಾರಣ ಮೆಮೊರಿ, ಇಲ್ಲವೇ ಅಳತೆಯ ಏರಿಳಿತ. ಮೂರನೆಯದು ಹೆಚ್ಚೇನೂ ಇಲ್ಲ.

2023ರ ಕೊನೆಯಲ್ಲಿ ಹಾಸನದಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದೇ ಎರಡು ಕಾರ್ಡ್‌ಗಳ ನಡುವೆ ಸಿಕ್ಕಿಕೊಂಡಿದ್ದ. ಅವನ ಕಂಪ್ಯೂಟರ್‌ನಲ್ಲಿ ಇದ್ದದ್ದು ರೈಝೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್ಯಾಮ್. ಮಾನಿಟರ್ 1080ಪಿ, 144 ಹರ್ಟ್ಝ್. ಹೆಚ್ಚಾಗಿ ಆಡುವುದು ಕತೆ ಇರುವ ದೊಡ್ಡ ಆಟಗಳು. ವಾರದ ಕೊನೆಗೆ ಗೆಳೆಯರ ಜೊತೆ ಕೌಂಟರ್-ಸ್ಟ್ರೈಕ್ 2. ಫೋನ್ ಮಾಡಿ ಕೇಳಿದ: "ಅಣ್ಣ, ಚಾರ್ಟ್‌ನಲ್ಲಿ ಎರಡೂ ಹೆಚ್ಚೂಕಮ್ಮಿ ಒಂದೇ ತೋರಿಸ್ತಿದೆ. ಮತ್ಯಾಕೆ ಅಷ್ಟು ಜಾಸ್ತಿ ದುಡ್ಡು ಕೊಡ್ಬೇಕು?"

ಅವನು ನೋಡುತ್ತಿದ್ದದ್ದು ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್, ಎಷ್ಟು ಚಿತ್ರ, ಬಂತು ಎಂಬ ಅಂಕಿ. ಅದರ ಮಟ್ಟಿಗೆ ಅವನ ಮಾತು ಸರಿಯೇ. ಆಗಿನ ಬಹುಪಾಲು ಆಟಗಳಲ್ಲಿ, 1080ಪಿಯಲ್ಲಿ, ಎರಡೂ ಕಾರ್ಡ್‌ಗಳ ಸರಾಸರಿ ಅಕ್ಕಪಕ್ಕದಲ್ಲೇ ಬರುತ್ತಿತ್ತು. ಒಂದೇ ಚಿಪ್ ಅಲ್ವಾ, ಹಾಗೇ ಬರಬೇಕು.

ಸರಾಸರಿ ಏನನ್ನು ಮುಚ್ಚುತ್ತದೆ

ಇಲ್ಲಿಂದ ಮುಂದೆ ಒಂದು ಲೆಕ್ಕ ಮಾಡೋಣ. ಈ ಅಂಕಿಗಳು ಯಾವ ವಿಮರ್ಶೆಯಿಂದಲೂ ತೆಗೆದವಲ್ಲ. ಲೆಕ್ಕ ಸುಲಭವಾಗಲಿ ಎಂದು ನಾನೇ ಕಟ್ಟಿದವು. ಆದರೆ ಮೆಮೊರಿ ಸಾಲದೆ ಹೋದಾಗ ಆಗುವುದು ಇದೇ ರೀತಿ.

ಒಂದು ಆಟವನ್ನು 60 ಸೆಕೆಂಡ್ ಓಡಿಸಿದ್ದೇವೆ ಎಂದುಕೊಳ್ಳಿ. 16 ಜಿಬಿ ಕಾರ್ಡ್ ಆ ಹೊತ್ತಿನಲ್ಲಿ 4800 ಫ್ರೇಮ್ ಬರೆಯಿತು. ಸರಾಸರಿ 80 ಎಫ್‌ಪಿಎಸ್. ಅಂದರೆ ಒಂದು ಫ್ರೇಮ್‌ಗೆ ಸುಮಾರು 12.5 ಮಿಲಿಸೆಕೆಂಡ್. ಅತಿ ನಿಧಾನದ 1% ಫ್ರೇಮ್‌ಗಳು, ಅಂದರೆ 48 ಫ್ರೇಮ್‌ಗಳು, ತಲಾ 16 ಮಿಲಿಸೆಕೆಂಡ್ ತೆಗೆದುಕೊಂಡವು. 1000ವನ್ನು 16ರಿಂದ ಭಾಗಿಸಿದರೆ 62.5. ಇದೇ 1% ಲೋ. ಸರಾಸರಿ 80, ಲೋ 62. ಆಡುವವನ ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ.

8 ಜಿಬಿ ಕಾರ್ಡ್ ಅದೇ 60 ಸೆಕೆಂಡಿನಲ್ಲಿ 4620 ಫ್ರೇಮ್ ಬರೆಯಿತು. ಸರಾಸರಿ 77. ಚಾರ್ಟ್‌ನಲ್ಲಿ ಎರಡು ಪಟ್ಟಿಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ವ್ಯತ್ಯಾಸ ಕಾಣಲು ಕಣ್ಣು ಕಿರಿದು ಮಾಡಬೇಕು. ಆದರೆ ಒಳಗೆ ನೋಡಿ. 4574 ಫ್ರೇಮ್‌ಗಳು ಸರಿಯಾಗಿ 12.5 ಮಿಲಿಸೆಕೆಂಡಿನಲ್ಲೇ ಬಂದಿವೆ. ಉಳಿದ 46ರಲ್ಲಿ 36 ಫ್ರೇಮ್‌ಗಳು ತಲಾ 35 ಮಿಲಿಸೆಕೆಂಡ್ ಎಳೆದಿವೆ. ಕೊನೆಯ 10 ಫ್ರೇಮ್‌ಗಳು ತಲಾ 156.5 ಮಿಲಿಸೆಕೆಂಡ್. ಅಂದರೆ ಒಂದು ನಿಮಿಷದಲ್ಲಿ ಹತ್ತು ಸಲ ಚಿತ್ರ ಗಕ್ಕನೆ ನಿಂತಿದೆ, ಪ್ರತಿ ಸಲವೂ ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು. ಮೂಲೆ ತಿರುಗುವಾಗ, ಬಾಗಿಲು ತೆರೆಯುವಾಗ, ಗುರಿ ಇಡುವಾಗ. ಆಡುವವನಿಗೆ ಆ ಆಟದಿಂದ ನೆನಪಿನಲ್ಲಿ ಉಳಿಯುವುದು ಈ ಹತ್ತು ಜರ್ಕ್‌ಗಳೇ.

ಸರಾಸರಿಯಲ್ಲಿ ಇವು ಏಕೆ ಕಾಣುವುದಿಲ್ಲ? ಆ 46 ಫ್ರೇಮ್‌ಗಳು ಒಟ್ಟು ತಿಂದದ್ದು 2.8 ಸೆಕೆಂಡ್. 60 ಸೆಕೆಂಡಿನಲ್ಲಿ ಅದು ಐದು ಪರ್ಸೆಂಟ್‌ಗಿಂತ ಕಡಿಮೆ. ಸರಾಸರಿ ಕೇಳುವುದು ಒಂದೇ ಪ್ರಶ್ನೆ: ಒಟ್ಟು ಎಷ್ಟು ಫ್ರೇಮ್ ಬಂತು? ಆ ಫ್ರೇಮ್‌ಗಳು ಸಮನಾಗಿ ಬಂದವೋ, ಗುಂಪುಗುಂಪಾಗಿ ಬಂದವೋ ಎಂದು ಅದು ಕೇಳುವುದೇ ಇಲ್ಲ. ಇದಕ್ಕೂ ಕೆಟ್ಟ ಸರಾಸರಿ ಒಂದಿದೆ. ಕೆಲವರು ಪ್ರತಿ ಫ್ರೇಮ್‌ನ ಎಫ್‌ಪಿಎಸ್ ತೆಗೆದು, ಆ ಎಫ್‌ಪಿಎಸ್‌ಗಳ ಸರಾಸರಿ ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದರೆ 8 ಜಿಬಿ ಕಾರ್ಡಿಗೆ 77ರ ಬದಲು 79.4 ಬರುತ್ತದೆ. ಇದ್ದ ಚೂರು ಅಂತರವೂ ಮಾಯ. ಒಟ್ಟು ಫ್ರೇಮ್‌ಗಳನ್ನು ಒಟ್ಟು ಸಮಯದಿಂದ ಭಾಗಿಸುವುದೇ ಸರಿಯಾದ ದಾರಿ.

ಸೆಕೆಂಡಿನ ಲೆಕ್ಕ ಬಿಟ್ಟು ಒಂದೊಂದು ಫ್ರೇಮ್‌ನ ಸಮಯ ನೋಡಬೇಕು ಎಂಬುದನ್ನು ಗಟ್ಟಿಯಾಗಿ ಮುಂದಿಟ್ಟವರಲ್ಲಿ ಮುಖ್ಯರು ದಿ ಟೆಕ್ ರಿಪೋರ್ಟ್ ವೆಬ್‌ಸೈಟ್‌ನ ಸ್ಕಾಟ್ ವಾಸನ್. ಅದು 2011ರ ಮಾತು. ಇವತ್ತು ಬಹುತೇಕ ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕ 1% ಲೋ ಕೂಡ ಇರುತ್ತದೆ. ಆದರೆ ಆ ಎರಡನೇ ಅಂಕಿ ಎಲ್ಲ ಕಡೆಯೂ ಒಂದೇ ಲೆಕ್ಕದ್ದಲ್ಲ.

ಒಂದೇ ಓಟ, ಮೂರು ಲೋ

ಮೇಲಿನ 8 ಜಿಬಿ ಓಟವನ್ನೇ ತೆಗೆದುಕೊಳ್ಳೋಣ. 1% ಲೋ ಎಷ್ಟು?

ಒಂದು ಪದ್ಧತಿಯಲ್ಲಿ ಫ್ರೇಮ್‌ಗಳನ್ನು ನಿಧಾನದಿಂದ ವೇಗದ ಕಡೆಗೆ ಸಾಲಾಗಿ ನಿಲ್ಲಿಸಿ, 1% ಮುಗಿಯುವ ಗಡಿಯಲ್ಲಿರುವ ಫ್ರೇಮ್ ಒಂದನ್ನೇ ನೋಡುತ್ತಾರೆ. ಇದು ಪರ್ಸೆಂಟೈಲ್. ನಮ್ಮ ಸಾಲಿನಲ್ಲಿ 46ನೇ ಫ್ರೇಮ್ 35 ಮಿಲಿಸೆಕೆಂಡಿನದು. ಉತ್ತರ 28.6 ಎಫ್‌ಪಿಎಸ್. ಆ ಗಡಿಯಿಂದಾಚೆ ಇರುವ ಹತ್ತು ದೊಡ್ಡ ಜರ್ಕ್‌ಗಳು 156 ಮಿಲಿಸೆಕೆಂಡಿನವಾಗಲಿ, 500ರವಾಗಲಿ, ಈ ಉತ್ತರ ಅಲುಗಾಡುವುದಿಲ್ಲ.

ಇನ್ನೊಂದು ಪದ್ಧತಿಯಲ್ಲಿ ಆ 46 ಫ್ರೇಮ್‌ಗಳ ಸಮಯದ ಸರಾಸರಿ ತೆಗೆಯುತ್ತಾರೆ. 61.4 ಮಿಲಿಸೆಕೆಂಡ್, ಅಂದರೆ 16.3 ಎಫ್‌ಪಿಎಸ್. ಮೂರನೆಯದರಲ್ಲಿ ಫ್ರೇಮ್‌ಗಳ ಸಂಖ್ಯೆಯಲ್ಲಿ 1% ಅಲ್ಲ, ಸಮಯದಲ್ಲಿ 1% ಎಣಿಸುತ್ತಾರೆ. 60 ಸೆಕೆಂಡಿನ 1% ಅಂದರೆ 600 ಮಿಲಿಸೆಕೆಂಡ್. ಅತಿ ನಿಧಾನದ ಫ್ರೇಮ್‌ನಿಂದ ಕೂಡಿಸುತ್ತಾ ಬಂದರೆ ನಾಲ್ಕನೇ ಫ್ರೇಮ್‌ಗೇ 600 ದಾಟುತ್ತದೆ. ಅದು 156.5 ಮಿಲಿಸೆಕೆಂಡಿನದು. ಉತ್ತರ 6.4 ಎಫ್‌ಪಿಎಸ್.

28.6, 16.3, 6.4. ಮೂರೂ 1% ಲೋ. ಮೂರೂ ಒಂದೇ ಓಟದವು. ಹಾಗಾಗಿ ಒಂದು ಕಡೆಯ 8 ಜಿಬಿ ಕಾರ್ಡಿನ ಲೋ ತೆಗೆದುಕೊಂಡು, ಇನ್ನೊಂದು ಕಡೆಯ 16 ಜಿಬಿ ಕಾರ್ಡಿನ ಲೋ ಪಕ್ಕಕ್ಕಿಟ್ಟು ನೋಡುವುದು ಶುದ್ಧ ತಪ್ಪು. ನಮ್ಮ ಹುಡುಗ ಮಾಡುತ್ತಿದ್ದದ್ದೂ ಅದನ್ನೇ. ಎರಡು ಕಾರ್ಡಿಗೆ ಎರಡು ಬೇರೆ ಬೇರೆ ವಿಡಿಯೊ ತೆರೆದಿಟ್ಟುಕೊಂಡಿದ್ದ. ಒಬ್ಬರೇ, ಒಂದೇ ಕಂಪ್ಯೂಟರ್‌ನಲ್ಲಿ, ಒಂದೇ ಜಾಗದಲ್ಲಿ, ಒಂದೇ ಲೆಕ್ಕದಲ್ಲಿ ಅಳೆದ ಅಂಕಿಗಳನ್ನಷ್ಟೇ ಹೋಲಿಸು ಎಂದು ಮೊದಲು ಹೇಳಿದೆ.

ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಮೂರೂ ಬಗೆಯ ಲೆಕ್ಕ ಸಿಗುತ್ತದೆ. ಇಂಟೆಲ್‌ನ ಪ್ರೆಸೆಂಟ್‌ಮಾನ್ ಬಳಸಿದರೆ ಪ್ರತಿ ಫ್ರೇಮ್‌ಗೂ ಒಂದು ಸಾಲು ಇರುವ ಸಿಎಸ್‌ವಿ ಕಡತ ಸಿಗುತ್ತದೆ. ಅದರಿಂದ ಲೆಕ್ಕ ನಾವೇ ಮಾಡಬಹುದು. ಆಟದ ಪ್ರೊಸೆಸ್ ಒಂದನ್ನೇ ರೆಕಾರ್ಡ್ ಮಾಡಿರಬೇಕು, ಅಷ್ಟೇ.

```python
import csv
rows = csv.DictReader(open("run.csv"))
t = sorted((float(r["MsBetweenPresents"]) for r in rows), reverse=True)
n = max(1, len(t) // 100)
print("avg", 1000 * len(t) / sum(t))
print("percentile", 1000 / t[n - 1])
print("low avg", 1000 * n / sum(t[:n]))
```

ಪ್ರೆಸೆಂಟ್‌ಮಾನ್‌ನ ಆವೃತ್ತಿ ಬದಲಾದಂತೆ ಕಾಲಂನ ಹೆಸರೂ ಬದಲಾಗಿದೆ. ಕೆಲವದರಲ್ಲಿ `FrameTime` ಎಂದಿರುತ್ತದೆ. ಕಡತದ ಮೊದಲ ಸಾಲು ನೋಡಿ ಹೆಸರು ಹಾಕಿಕೊಳ್ಳಿ. ಕೊನೆಯ ಎರಡು ಅಂಕಿಗಳ ನಡುವೆ ಭಾರೀ ಅಂತರ ಇದ್ದರೆ ಅದೇ ಒಂದು ಸುಳಿವು. ಎಲ್ಲೋ ಕೆಲವು ಫ್ರೇಮ್‌ಗಳು ತೀರಾ ಕೆಟ್ಟದಾಗಿ ನಿಂತಿವೆ ಎಂದರ್ಥ. ಆಗ ಅಂಕಿ ಬಿಟ್ಟು ಗ್ರಾಫ್ ನೋಡಬೇಕು.

ಲೋ ಎಷ್ಟು ಬೇಗ ಅಲುಗಾಡುತ್ತದೆ

ಸರಾಸರಿಗಿಂತ ಲೋ ಸತ್ಯಕ್ಕೆ ಹತ್ತಿರ ಎಂದುಕೊಂಡು ಅದನ್ನೇ ಕಣ್ಣುಮುಚ್ಚಿ ನಂಬುವವರೂ ಈಗ ಜಾಸ್ತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಮ್ಮ 8 ಜಿಬಿ ಓಟದಲ್ಲಿ ಹತ್ತು ದೊಡ್ಡ ಜರ್ಕ್ ಇದ್ದವಲ್ಲ, ಅವುಗಳಲ್ಲಿ ಎರಡು ಮುಂದಿನ ಓಟದಲ್ಲಿ ಆಗಲಿಲ್ಲ ಎಂದುಕೊಳ್ಳಿ. ಆ ಎರಡು ಫ್ರೇಮ್‌ಗಳೂ 12.5 ಮಿಲಿಸೆಕೆಂಡಿನಲ್ಲೇ ಬಂದವು. ಸರಾಸರಿ 77ರಿಂದ 77.4 ಆಗುತ್ತದೆ, ಅಷ್ಟೇ. ಲೋ 16.3ರಿಂದ 18.1ಕ್ಕೆ ಏರುತ್ತದೆ. ಅಂದರೆ 11% ಏರಿಕೆ. ನಾಲ್ಕೂವರೆ ಸಾವಿರ ಫ್ರೇಮ್‌ಗಳಲ್ಲಿ ಎರಡೇ ಎರಡು ಬದಲಾದದ್ದಕ್ಕೆ! ವಿಂಡೋಸ್ ಹಿಂದಿನಿಂದ ಏನೋ ಅಪ್‌ಡೇಟ್ ಎಳೆದುಕೊಂಡರೂ ಇಷ್ಟು ಏರಿಳಿತ ಸಾಧ್ಯ.

ಹಾಗಾಗಿ ಎರಡು ಕಾರ್ಡ್‌ಗಳ ಸರಾಸರಿಯಲ್ಲಿ 5% ಅಂತರ ಕಂಡರೆ ಅದಕ್ಕೆ ಏನಾದರೂ ಅರ್ಥ ಇರಬಹುದು. ಒಂದೇ ಓಟದ 1% ಲೋನಲ್ಲಿ 5% ಅಂತರಕ್ಕೆ ನಾನು ಯಾವ ಅರ್ಥವನ್ನೂ ಕೊಡುವುದಿಲ್ಲ. ಕನಿಷ್ಠ ಮೂರು ಓಟ ಬೇಕು. ಒಂದೇ ಕಾರ್ಡಿನ ಮೂರು ಓಟಗಳ ಲೋಗಳು ಪರಸ್ಪರ ಎಷ್ಟು ದೂರ ಇವೆ ಎಂದು ಮೊದಲು ನೋಡಬೇಕು. ಎರಡು ಕಾರ್ಡ್‌ಗಳ ನಡುವಿನ ಅಂತರ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಮುಂದಿನ ಮಾತು. 0.1% ಲೋ ಅಂತೂ ಒಂದು ನಿಮಿಷದ ಓಟದಲ್ಲಿ ನಾಲ್ಕೈದು ಫ್ರೇಮ್‌ಗಳ ಮೇಲೆ ನಿಂತಿರುತ್ತದೆ. ಅದನ್ನು ಹಿಡಿದುಕೊಂಡು ಕಾರ್ಡ್ ಆರಿಸಬೇಡಿ.

ಆದರೆ 62 ಎಲ್ಲಿ, 16 ಎಲ್ಲಿ. ಅಂಥ ಅಂತರ ಏರಿಳಿತದಿಂದ ಬರುವುದಲ್ಲ. ಅಲ್ಲಿ ನಿಜವಾಗಿ ಏನೋ ನಡೆಯುತ್ತಿದೆ.

ಆ ಜರ್ಕ್ ಹುಟ್ಟುವ ಜಾಗ

ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳು, ಜ್ಯಾಮಿತಿ, ನೆರಳಿನ ನಕ್ಷೆಗಳು ಎಲ್ಲವೂ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. 8 ಜಿಬಿಯಲ್ಲಿ ಹಿಡಿಸದಿದ್ದರೆ ಆಟ ಕೂಡಲೇ ನಿಂತುಹೋಗುವುದಿಲ್ಲ. ವಿಂಡೋಸ್‌ನ ಮೆಮೊರಿ ನಿರ್ವಾಹಕ ಒಂದಷ್ಟನ್ನು ಕಂಪ್ಯೂಟರ್‌ನ ಸಾಮಾನ್ಯ ರ್ಯಾಮ್‌ಗೆ ಸಾಗಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ `Shared GPU memory` ಎಂದು ಕಾಣುವುದು ಇದೇ. ಬೇಕಾದಾಗ ಅಲ್ಲಿಂದ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಮೂಲಕ ಮತ್ತೆ ತರಬೇಕು.

ಅವನ ಕಂಪ್ಯೂಟರ್‌ಗೆ ಈ ವಿಷಯ ಇನ್ನೂ ಬಿಗಿ. 4060 ಟಿಐ ಕಾರ್ಡಿನಲ್ಲಿ ಇರುವುದು ಎಂಟೇ ಪಿಸಿಐಇ ಲೇನ್. ಪಿಸಿಐಇ 4.0 ಬೋರ್ಡಿನಲ್ಲಿ ಎಂಟು ಲೇನ್ ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ. ಬಿ450 ಬೋರ್ಡ್ 3.0 ಮಾತ್ರ ಕೊಡುತ್ತದೆ. ಅಲ್ಲಿ ಸುಮಾರು 8 ಜಿಬಿ.

ಈಗ 12.5 ಮಿಲಿಸೆಕೆಂಡಿನ ಒಂದು ಫ್ರೇಮ್ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಕಾರ್ಡ್ ತನ್ನ ಸ್ವಂತ ಮೆಮೊರಿಯಿಂದ 3.6 ಜಿಬಿ ತನಕ ಓದಬಲ್ಲದು. ಅವನ ಬೋರ್ಡಿನ ಸ್ಲಾಟ್ ಮೂಲಕ ಅದೇ ಹೊತ್ತಿನಲ್ಲಿ ಬರುವುದು 100 ಎಂಬಿ. ಪಾತ್ರ ಹೊಸ ಬೀದಿಗೆ ಕಾಲಿಟ್ಟಾಗ 500 ಎಂಬಿ ಟೆಕ್ಸ್ಚರ್ ಒಮ್ಮೆಲೇ ಬೇಕಾಯಿತು ಎಂದರೆ ಸಾಗಣೆಗೇ 62 ಮಿಲಿಸೆಕೆಂಡ್ ಹೋಗುತ್ತದೆ. ಅಷ್ಟು ಹೊತ್ತು ಚಿಪ್ ಎಷ್ಟೇ ಶಕ್ತಿಯದ್ದಾಗಿದ್ದರೂ ಕಾಯಲೇಬೇಕು. ಬೇಕಾದದ್ದು ಬಂದ ಮೇಲೆ ಮತ್ತೆ 12.5 ಮಿಲಿಸೆಕೆಂಡಿನ ಓಟ. ಸರಾಸರಿ ಹಾಗೇ ಉಳಿದು ಲೋ ಮಾತ್ರ ಕುಸಿಯುವುದು ಹೀಗೆ. ವಿಮರ್ಶಕರ ಪರೀಕ್ಷಾ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಹೊಸ ಬೋರ್ಡಿನವು. ಅಲ್ಲಿ ಇದೇ ಕೆಲಸ 31 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಚಾರ್ಟ್‌ನಲ್ಲಿ ಕಂಡ 8 ಜಿಬಿ ಕಾರ್ಡಿನ ಲೋ ಅವನ ಮನೆಯಲ್ಲಿ ಇನ್ನೂ ಕೆಳಗೆ ಇರಬಹುದು ಎಂದು ನಾನು ಹೇಳಿದ್ದು ಈ ಕಾರಣಕ್ಕೆ. 16 ಜಿಬಿ ಕಾರ್ಡಿಗೆ ಈ ಬೋರ್ಡಿನ ಕೊರತೆ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅದು ಆ ದಾರಿಯನ್ನು ಅಷ್ಟಾಗಿ ಬಳಸುವುದೇ ಇಲ್ಲ.

ಬೆಂಚ್‌ಮಾರ್ಕ್ ಎಷ್ಟು ಹೊತ್ತು ಓಡಿತು ಎಂಬುದೂ ಇಲ್ಲಿ ಮುಖ್ಯ. ಆಟ ಶುರುವಾದ ಕೂಡಲೇ ಮೆಮೊರಿ ತುಂಬುವುದಿಲ್ಲ. ಒಂದು ನಿಮಿಷದ ಸಿದ್ಧ ಬೆಂಚ್‌ಮಾರ್ಕ್‌ನಲ್ಲಿ 8 ಜಿಬಿ ಕಾರ್ಡ್ ಚೆನ್ನಾಗಿಯೇ ಪಾಸಾಗಬಹುದು. ಅರ್ಧ ಗಂಟೆ ಆಡಿ, ಎರಡು ಮೂರು ಪ್ರದೇಶ ದಾಟಿದ ಮೇಲೆ ಅದೇ ಕಾರ್ಡ್ ಎಡವಲು ಶುರುಮಾಡಬಹುದು. ವಿಮರ್ಶೆಯಲ್ಲಿ ಎಷ್ಟು ಹೊತ್ತು ಆಡಿದ ಮೇಲೆ ಅಳೆದರು ಎಂದು ಬರೆದಿದ್ದರೆ ಆ ಸಾಲನ್ನು ಹುಡುಕಿ ಓದಿ.

ಇನ್ನೊಂದು ವಿಷಯವನ್ನು ಯಾವ ಅಂಕಿಯೂ ಹೇಳುವುದಿಲ್ಲ. ಕೆಲವು ಆಟಗಳು ಮೆಮೊರಿ ಸಾಲದಾದಾಗ ತೊದಲುವುದಿಲ್ಲ. ಸದ್ದಿಲ್ಲದೆ ಟೆಕ್ಸ್ಚರ್‌ನ ಗುಣಮಟ್ಟವನ್ನೇ ಇಳಿಸಿಬಿಡುತ್ತವೆ. 2023ರಲ್ಲಿ ಬಂದ ಹಾಗ್ವಾರ್ಟ್ಸ್ ಲೆಗಸಿ ಹಾಗೆ ಮಾಡುವ ಆಟಗಳಲ್ಲಿ ಒಂದು. ಸರಾಸರಿ ಚೆನ್ನಾಗಿದೆ, ಲೋ ಚೆನ್ನಾಗಿದೆ, ಗೋಡೆ ಮಾತ್ರ ಬಣ್ಣ ಕಲಸಿದ ಹಾಗೆ ಮಸುಕು. ಇಂಥ ಕಡೆ ಚಿತ್ರವನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು.

ಕಾರಣ ಬೇರೆ ಮಾಡುವುದು

1% ಲೋ ಕುಸಿದಿದೆ ಎಂದ ಮಾತ್ರಕ್ಕೆ ಮೆಮೊರಿಯೇ ಕಾರಣ ಎನ್ನಲಾಗದು. ಸರಾಸರಿ ಬಹುಪಾಲು ಚಿಪ್‌ನ ಕತೆ ಹೇಳಿದರೆ, ಲೋ ಇಡೀ ಕಂಪ್ಯೂಟರ್‌ನ ಕತೆ ಹೇಳುತ್ತದೆ. ನಮ್ಮ ಪ್ರಕರಣದಲ್ಲಿ ಇದು ತಿರುವು ಕೊಟ್ಟ ಭಾಗ.

ಅವನ ಗೆಳೆಯನೊಬ್ಬನ ಬಳಿ 8 ಜಿಬಿ ಕಾರ್ಡೇ ಇತ್ತು. ಒಂದು ಭಾನುವಾರ ಅದನ್ನು ತಂದು ಇವನ ಕಂಪ್ಯೂಟರ್‌ಗೆ ಹಾಕಿದರು. ನಾನು ಫೋನಿನಲ್ಲಿ ಹೇಳುತ್ತಿದ್ದೆ, ಅವನು ಓಡಿಸಿ ಕಡತ ಕಳಿಸುತ್ತಿದ್ದ. ಮೊದಲ ಆಟ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1. ಇದು ಮಾರ್ಚ್ 2023ರಲ್ಲಿ ಪಿಸಿಗೆ ಬಂದಾಗ 8 ಜಿಬಿ ಕಾರ್ಡ್‌ಗಳನ್ನು ಬಹಳ ಸತಾಯಿಸಿತ್ತು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಸಾಕಷ್ಟು ಸುಧಾರಿಸಿತು. ಬಿಡುಗಡೆಯ ವಾರದ ಚಾರ್ಟ್ ನೋಡಿ ವರ್ಷದ ಕೊನೆಗೆ ಕಾರ್ಡ್ ಕೊಳ್ಳುವುದು ಸರಿಯಲ್ಲ ಎನ್ನಲು ಇದು ಒಳ್ಳೆಯ ಉದಾಹರಣೆ.

ಮೊದಲ ಓಟದ ಕಡತವನ್ನು ಪಕ್ಕಕ್ಕಿಡಲು ಹೇಳಿದೆ. ಹೊಸ ಕಾರ್ಡ್, ಹೊಸ ಡ್ರೈವರ್ ಎಂದ ಮೇಲೆ ಚಿತ್ರ ಬಿಡಿಸಲು ಚಿಪ್ ಓಡಿಸುವ ಪುಟ್ಟ ಪ್ರೋಗ್ರಾಂಗಳಾದ ಶೇಡರ್‌ಗಳು ಮತ್ತೆ ಕಂಪೈಲ್ ಆಗುತ್ತವೆ. ಕೆಲವು ಆಟ ಅದನ್ನು ಶುರುವಿನಲ್ಲೇ ಮುಗಿಸುತ್ತದೆ, ಕೆಲವು ಆಡುವಾಗಲೇ ಮಾಡುತ್ತದೆ. ಆಡುವಾಗ ಆದರೆ ಪ್ರತಿ ಹೊಸ ದೃಶ್ಯಕ್ಕೂ ಒಂದು ಜರ್ಕ್. ಇದನ್ನು ಗುರುತಿಸುವುದು ಸುಲಭ. ಅದೇ ಜಾಗದಲ್ಲಿ ಎರಡನೇ ಸಲ ಓಡಿದರೆ ಆ ಜರ್ಕ್ ಇರುವುದಿಲ್ಲ. ಅದಕ್ಕೂ ಕಾರ್ಡಿನ ಮೆಮೊರಿಗೂ ಸಂಬಂಧವಿಲ್ಲ.

ಎರಡನೇ, ಮೂರನೇ ಓಟದಲ್ಲೂ ಲೋ ಕೆಳಗೇ ಇತ್ತು. ಈಗ ಒಂದೇ ಒಂದು ಸೆಟ್ಟಿಂಗ್ ಬದಲಿಸಲು ಹೇಳಿದೆ: ಟೆಕ್ಸ್ಚರ್ ಅಲ್ಟ್ರಾದಿಂದ ಹೈಗೆ. ಬೇರೆ ಯಾವುದನ್ನೂ ಮುಟ್ಟಬಾರದು. ಟೆಕ್ಸ್ಚರ್ ಸೆಟ್ಟಿಂಗ್ ಚಿಪ್‌ಗೆ ಹೊರೆ ಹಾಕುವುದು ಬಹಳ ಕಡಿಮೆ, ಅದು ತಿನ್ನುವುದು ಮೆಮೊರಿ. ಫಲಿತಾಂಶ ಸ್ಪಷ್ಟವಾಗಿತ್ತು. ಸರಾಸರಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಲೋ ಮೇಲೆ ಜಿಗಿಯಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಶೇರ್ಡ್ ಮೆಮೊರಿ ಇಳಿಯಿತು. ಮೂರೂ ಒಟ್ಟಿಗೆ ಬಂದರೆ ಕಾರಣ ಮೆಮೊರಿಯೇ ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. 16 ಜಿಬಿ ಕಾರ್ಡಿನಲ್ಲಿ ಆಟ 11 ಜಿಬಿ ಬಳಸುತ್ತಿದೆ ಎಂದು ತೋರಿಸಿದರೆ 8 ಜಿಬಿ ಸಾಲದು ಎಂದು ತೀರ್ಮಾನಿಸಬೇಡಿ. ಜಾಗ ಇದ್ದರೆ ಬೇಕಾಗುವ ಮೊದಲೇ ತುಂಬಿಟ್ಟುಕೊಳ್ಳುವ ಆಟಗಳು ಬಹಳ. ಸಾಲದು ಎಂಬುದಕ್ಕೆ ಸಾಕ್ಷಿ ಫ್ರೇಮ್ ಟೈಮ್ ಕೊಡಬೇಕೇ ಹೊರತು ಮೆಮೊರಿ ಮೀಟರ್ ಅಲ್ಲ.

ಎರಡನೇ ಆಟ ಕೌಂಟರ್-ಸ್ಟ್ರೈಕ್ 2. ಅವನಿಗೆ ನಿಜವಾಗಿ ತಲೆಬಿಸಿ ಮಾಡಿದ್ದದ್ದು ಇದೇ. ಹೊಗೆ ಬಾಂಬ್ ಬಿದ್ದಾಗ, ನಾಲ್ಕೈದು ಜನ ಒಟ್ಟಿಗೆ ಗುಂಡು ಹಾರಿಸುವಾಗ ಚಿತ್ರ ಹಿಡಿದುಕೊಳ್ಳುತ್ತದೆ ಎಂಬ ದೂರು. "16 ಜಿಬಿ ತಗೊಂಡ್ರೆ ಇದು ಹೋಗುತ್ತಲ್ವಾ ಅಣ್ಣ?" ಎಂದು ಕೇಳಿದ.

ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ ಓಡಿಸು ಎಂದೆ. ಚಿಪ್ ಮತ್ತು ಮೆಮೊರಿ ಎರಡರ ಮೇಲಿನ ಹೊರೆಯೂ ಇಳಿಯುತ್ತದೆ. ಪ್ರೊಸೆಸರ್‌ನ ಕೆಲಸ ಮಾತ್ರ ಹಾಗೇ ಉಳಿಯುತ್ತದೆ. ಓಡಿಸಿದ. ಸರಾಸರಿ ಏರಿತು, ಲೋ ಕದಲಲಿಲ್ಲ. ಅಂದರೆ ಒಂದೇ ಆಟದಲ್ಲಿ ಸರಾಸರಿಯನ್ನು ಹಿಡಿದಿಟ್ಟದ್ದು ಗ್ರಾಫಿಕ್ಸ್ ಕಾರ್ಡ್, ಲೋ ಅನ್ನು ಹಿಡಿದಿಟ್ಟದ್ದು ಅವನ 3600 ಪ್ರೊಸೆಸರ್. ಗದ್ದಲದ ಹೊತ್ತಿಗೆ ಪ್ರೊಸೆಸರ್ ಫ್ರೇಮ್ ಸಿದ್ಧ ಮಾಡಿ ಕೊಡುವುದರಲ್ಲೇ ಹಿಂದೆ ಬೀಳುತ್ತಿತ್ತು. ಅಲ್ಲಿಗೆ ಯಾವ ಕಾರ್ಡ್ ಹಾಕಿದರೂ ಲೋ ಅಲ್ಲೇ. ಚಾರ್ಟ್‌ನಲ್ಲಿ ಬೇರೆ ಬೇರೆ ಕಾರ್ಡ್‌ಗಳ ಸರಾಸರಿ ಬೇರೆಯಾಗಿದ್ದು ಲೋ ಮಾತ್ರ ಒಂದೇ ಮಟ್ಟದಲ್ಲಿ ಸಾಲಾಗಿ ನಿಂತಿದ್ದರೆ ಅದನ್ನೂ ಹೀಗೇ ಓದಬೇಕು. ಅಲ್ಲಿ ಕಾಣುತ್ತಿರುವುದು ವಿಮರ್ಶಕರ ಪ್ರೊಸೆಸರ್ ಅಥವಾ ಆ ಆಟದ ಮಿತಿ.

ಹದಿನೈದು ಆಟಗಳ ಒಂದು ಅಂಕಿ

ತೀರ್ಮಾನಕ್ಕೆ ಬರುವ ಮುನ್ನ ಅವನು ಇನ್ನೊಂದು ಚಾರ್ಟ್ ಕಳಿಸಿದ. ಹಲವು ಆಟಗಳನ್ನು ಸೇರಿಸಿ ಒಂದೇ ಅಂಕಿ ಮಾಡಿದ್ದು. ಇವುಗಳ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. 15 ಆಟಗಳಲ್ಲಿ 14ರಲ್ಲಿ ಎರಡೂ ಕಾರ್ಡ್‌ಗಳ ಲೋ ಸಮ ಎಂದುಕೊಳ್ಳಿ. ಒಂದರಲ್ಲಿ ಮಾತ್ರ 8 ಜಿಬಿ ಕಾರ್ಡ್ ಕಾಲು ಭಾಗಕ್ಕೆ ಕುಸಿದಿದೆ. ವಿಮರ್ಶಕರು ಸಾಮಾನ್ಯವಾಗಿ ಬಳಸುವ ಗುಣೋತ್ತರ ಸರಾಸರಿ ತೆಗೆದರೆ ಒಟ್ಟು ಅಂತರ ಸುಮಾರು 9% ಬರುತ್ತದೆ. ಓದುವವರು ಎಲ್ಲ ಆಟದಲ್ಲೂ 9% ನಿಧಾನ ಎಂದುಕೊಳ್ಳುತ್ತಾರೆ. ನಿಜಕ್ಕೂ ಅಂಥ ಆಟ ಒಂದೂ ಇಲ್ಲ. ಹದಿನಾಲ್ಕು ಆಟ ಸಮ, ಒಂದು ಆಡಲಾಗದ ಸ್ಥಿತಿ. ಆ ಒಂದು ಆಟ ನೀವು ಆಡುವಂಥದ್ದೋ ಅಲ್ಲವೋ ಎಂಬುದೇ ಇಲ್ಲಿ ಪ್ರಶ್ನೆ. ಹಾಗಾಗಿ ಒಟ್ಟು ಅಂಕಿ ಬಿಟ್ಟು ಒಂದೊಂದು ಆಟದ ಪುಟಕ್ಕೆ ಹೋಗಿ.

ಫ್ರೇಮ್ ಜನರೇಷನ್ ಆನ್ ಮಾಡಿ ತೆಗೆದ ಅಂಕಿಗಳನ್ನು ಈ ಹೋಲಿಕೆಗೆ ಸೇರಿಸಲೇಬಾರದು. ಅದು ನಡುನಡುವೆ ಫ್ರೇಮ್ ತುಂಬಿ ಎಫ್‌ಪಿಎಸ್ ಏರಿಸುತ್ತದೆ, ಜೊತೆಗೆ ಮೆಮೊರಿಯನ್ನೂ ಹೆಚ್ಚು ತಿನ್ನುತ್ತದೆ.

ತೆಗೆದುಕೊಂಡ ನಿರ್ಧಾರ

ಅವನ ಮುಂದೆ ಈಗ ಇದ್ದ ಚಿತ್ರ ಹೀಗೆ. ದೊಡ್ಡ ಆಟಗಳಲ್ಲಿ 8 ಜಿಬಿ ಕಾರ್ಡ್ ಅಲ್ಟ್ರಾ ಟೆಕ್ಸ್ಚರ್‌ನಲ್ಲಿ ತೊದಲುತ್ತದೆ, ಹೈನಲ್ಲಿ ಸಲೀಸಾಗಿ ಓಡುತ್ತದೆ. ಕೌಂಟರ್-ಸ್ಟ್ರೈಕ್‌ನ ಜರ್ಕ್‌ಗೆ ಎರಡೂ ಕಾರ್ಡ್‌ಗಳು ಮದ್ದಲ್ಲ. ಇಷ್ಟು ಗೊತ್ತಾದ ಮೇಲೆ ಯಾವುದನ್ನು ಕೊಂಡರೂ ಕಣ್ಣು ತೆರೆದು ಕೊಂಡಂತೆಯೇ. ಬರೀ ಕೌಂಟರ್-ಸ್ಟ್ರೈಕ್ ಆಡುವವನಾಗಿದ್ದರೆ ನಾನು 8 ಜಿಬಿಯೇ ಸಾಕು, ಉಳಿದ ದುಡ್ಡನ್ನು ಪ್ರೊಸೆಸರ್‌ಗೆ ಹಾಕು ಎನ್ನುತ್ತಿದ್ದೆ. ಆದರೆ ಅವನ ಹೆಚ್ಚಿನ ಸಮಯ ಹೋಗುವುದು ದೊಡ್ಡ ಆಟಗಳಲ್ಲಿ. ಕಾರ್ಡನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ. ಬೋರ್ಡ್ ಪಿಸಿಐಇ 3.0. ಈ ಮೂರೂ ಕೂಡಿದಾಗ 16 ಜಿಬಿಗೆ ಹೆಚ್ಚು ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅದನ್ನೇ ತಂದ.

ಅಲ್ಟ್ರಾ ಟೆಕ್ಸ್ಚರ್‌ನ ಜರ್ಕ್‌ಗಳು ಹೋದವು. ಕೌಂಟರ್-ಸ್ಟ್ರೈಕ್‌ನ ಲೋ ಇದ್ದಲ್ಲೇ ಇತ್ತು. ಅದು ಮೊದಲೇ ಗೊತ್ತಿದ್ದದ್ದರಿಂದ ಬೇಸರವಾಗಲಿಲ್ಲ. ಕೆಲವು ತಿಂಗಳ ನಂತರ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಝೆನ್ 5 5600 ಹಾಕಿದ. ಬೋರ್ಡ್ ಬಿ450 ಆಗಿರುವುದರಿಂದ ಪಿಸಿಐಇ ಆಮೇಲೂ 3.0ನೇ. ಹಾಗಾಗಿ ಪ್ರೊಸೆಸರ್ ಬದಲಿಸಿದ್ದರಿಂದ ಮೆಮೊರಿ ಕೊರತೆಯ ಜರ್ಕ್ ಹೋಗುವಂತಿರಲಿಲ್ಲ. ಹೋಗಬೇಕಾಗಿದ್ದದ್ದು ಗದ್ದಲದ ಹೊತ್ತಿನ ಜರ್ಕ್. ಆ ಸಲ ಅವನೇ ಮೊದಲ ಓಟ ಪಕ್ಕಕ್ಕಿಟ್ಟು, ಮುಂದಿನ ಮೂರನ್ನು ತೆಗೆದುಕೊಂಡು, ಹಳೆಯ ಪ್ರೊಸೆಸರ್‌ನ ಮೂರರ ಪಕ್ಕ ಇಟ್ಟು ಕಳಿಸಿದ. ಲೋ ಏರಿತ್ತು, ಹಳೆಯ ಓಟಗಳ ಏರಿಳಿತಕ್ಕಿಂತ ಸಾಕಷ್ಟು ಜಾಸ್ತಿ ಏರಿತ್ತು. ನಡುವೆ ಆಟಕ್ಕೂ ಡ್ರೈವರ್‌ಗೂ ಅಪ್‌ಡೇಟ್ ಬಂದಿದ್ದವು. ಆದ್ದರಿಂದ ಹಳೆಯ ಪ್ರೊಸೆಸರ್ ತೆಗೆಯುವ ದಿನವೇ ಅದರ ಮೂರು ಓಟಗಳನ್ನು ಹೊಸದಾಗಿ ಅಳೆದಿಟ್ಟುಕೊಂಡಿದ್ದ.